ದೀಪಾವಳಿ ಮಾರಾಟ 2025: ತಾಮ್ರದ ಹಂಡೆ, ಹಿತ್ತಾಳೆ ದೀಪ, ಕೊರಳಗಂಟೆ – ಶಿರಸಿ

```html
<title>ದೀಪಾವಳಿ ಮಾರಾಟ 2025: ತಾಮ್ರದ ಹಂಡೆ, ಹಿತ್ತಾಳೆ ದೀಪ | ಶಿರಸಿ</title>
<meta name="description" content="ಅಕ್ಟೋಬರ್ 8ರಿಂದ 21ರವರೆಗೆ ಹಂಡೆಯ ಮಜೂರಿಯಲ್ಲಿ ಶೇ. 20 ರಿಯಾಯಿತಿ. ಹಳೆಯ ತಾಮ್ರಕ್ಕೆ ಬದಲಿ, ಪಾತ್ರೆಗಳಿಗೆ ಕಲಾಯಿ.">
```

ಈ ವರ್ಷ ನರಕ ಚತುರ್ದಶಿ ಅಕ್ಟೋಬರ್ 20ರ ಸೋಮವಾರ ಬಂದಿರುವುದರಿಂದ, ಹಿಂದಿನ ಸಂಜೆ ನೀರು ತುಂಬುವ ಹೊತ್ತಿಗೆ ಹೊಸ ಹಂಡೆ ಬಚ್ಚಲೊಲೆಯ ಮೇಲಿರಬೇಕು ಎನ್ನುವವರು 15ರೊಳಗೆ ಬೇಡಿಕೆ ತಿಳಿಸಬೇಕಾಗಿ ವಿನಂತಿ.

ತಾಮ್ರದ ಹಂಡೆಯನ್ನು ನಿಮ್ಮೆದುರೇ ತೂಗಿ, ಅಂದಿನ ಪೇಟೆ ದರಕ್ಕೆ ಮಜೂರಿ ಸೇರಿಸಿ ಬಿಲ್ಲು ಮಾಡುತ್ತೇವೆ. ರಿಯಾಯಿತಿ ಇರುವುದು ಮಜೂರಿಯಲ್ಲಿ ಮಾತ್ರ. ಲೋಹದ ದರ ನಮ್ಮ ಕೈಯಲ್ಲಿಲ್ಲದಿರುವಾಗ ಅದರಲ್ಲೂ ಸೋಡಿ ಕೊಡುತ್ತೇವೆಂದು ಬರೆಯುವುದು ಸರಿಯಲ್ಲ. ಕೊಳ್ಳುವಾಗ ಹಂಡೆಯನ್ನು ಬೋರಲು ಹಾಕಿ ತಳವನ್ನು ಬೆರಳಿನಿಂದ ಒತ್ತಿ ನೋಡಿ: ಒಲೆಯ ಉರಿ ತಾಗುವುದು ಅಲ್ಲಿಗೇ ಆದುದರಿಂದ, ಒತ್ತಿದರೆ ಬಾಗುವ ತೆಳು ತಳದ ಹಂಡೆ ಎಷ್ಟೇ ಹೊಳೆದರೂ ಬಾಳಿಕೆ ಬರುವುದಿಲ್ಲ. ಅಟ್ಟದ ಮೇಲಿನ ತೂತುಬಿದ್ದ ಹಂಡೆ, ಚೆಂಬುಗಳನ್ನು ತಂದರೆ ತೂಕಕ್ಕೆ ತಕ್ಕ ಹಣವನ್ನು ಹೊಸದರ ಬಿಲ್ಲಿನಲ್ಲಿ ಕಳೆಯುತ್ತೇವೆ.

ಸ್ನಾನದ ಹಂಡೆಗೆ ಕಲಾಯಿ ಬೇಕಿಲ್ಲ. ಆದರೆ ಅಡುಗೆಗೆ ಬಳಸುವ ತಾಮ್ರ, ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಇರಲೇಬೇಕು. ಅಪ್ಪೆಹುಳಿ, ತಂಬುಳಿಗಳನ್ನು ದಿನವೂ ಮಾಡುವ ನಮ್ಮ ಸೀಮೆಯಲ್ಲಿ ಹುಳಿ ಲೋಹಕ್ಕೆ ತಾಗಿ ಕಿಲುಬು ಬಿಡುವುದನ್ನು ತಡೆಯುವುದು ಅದೊಂದೇ. ಮಾರಾಟದ ದಿನಗಳಲ್ಲಿ ಬೇರೆಡೆ ಕೊಂಡ ಪಾತ್ರೆಗಳಿಗೂ ಕಲಾಯಿ ಹಾಕಿಸಿಕೊಡುತ್ತೇವೆ.

ಹಿತ್ತಾಳೆಯ ಕಾಲುದೀಪ, ತೂಗುದೀಪಗಳಿಗೆ ಶೇ. 10 ರಿಯಾಯಿತಿಯಿದೆ. 22ರ ಗೋಪೂಜೆಗೆ ಕೊರಳಗಂಟೆಗಳು ಕರುವಿನಿಂದ ಎತ್ತಿನವರೆಗಿನ ಅಳತೆಗಳಲ್ಲಿ ಬಂದಿವೆ. ಗಂಟೆಯನ್ನು ನಾದ ಕೇಳಿಯೇ ಆರಿಸಬೇಕಾದುದರಿಂದ ಅವನ್ನು ಅಂಗಡಿಯಲ್ಲಿ ಮಾತ್ರ ಮಾರುತ್ತೇವೆ.

ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರದವರಿಗೆ ದೀಪಗಳನ್ನು ಬಸ್ ಪಾರ್ಸೆಲ್ ಮೂಲಕ ಕಳುಹಿಸುತ್ತೇವೆ. ಹಂಡೆ ದಾರಿಯಲ್ಲಿ ನೆಗ್ಗುವ ಸಂಭವವಿರುವುದರಿಂದ ಘಟ್ಟದ ಕೆಳಗಿನವರು ಅದನ್ನು ಬಂದು ಒಯ್ಯುವುದೇ ಲೇಸು.

ನಮ್ಮ ಹಬ್ಬದ ಮಾರಾಟದ ವಿವರಗಳು ಯಾವಾಗಲೂ `/habba` ಎಂಬ ಇದೇ ವಿಳಾಸದಲ್ಲಿರುತ್ತವೆ. ಚೌತಿಗೆ ಕೊಟ್ಟ ಕೈಚೀಲದ ಕ್ಯೂಆರ್ ಕೋಡ್ ಆಗಲಿ, ಹಳೆಯ ವಾಟ್ಸಾಪ್ ಸಂದೇಶದ ಲಿಂಕ್ ಆಗಲಿ ನಿಮ್ಮನ್ನು ಇಲ್ಲಿಗೇ ತರುತ್ತದೆ. ಹಬ್ಬಕ್ಕೆ ತಕ್ಕಂತೆ ಬದಲಾಗುವುದು ಮೇಲಿನ ಶೀರ್ಷಿಕೆ, ವಿವರಣೆ ಮತ್ತು ದರಗಳು ಮಾತ್ರ. ವಿಳಾಸದಲ್ಲಿ ಹಬ್ಬದ ಹೆಸರನ್ನಾಗಲಿ ಇಸವಿಯನ್ನಾಗಲಿ ಸೇರಿಸದಿರುವುದು ಇದೇ ಕಾರಣಕ್ಕೆ. ಅಕ್ಟೋಬರ್ 21ರ ರಾತ್ರಿ ಎಂಟಕ್ಕೆ ಈ ಮಾರಾಟ ಮುಗಿದ ಬಳಿಕ ರಿಯಾಯಿತಿಯ ವಿವರಗಳನ್ನು ತೆಗೆದು, ಕಲಾಯಿಯ ದಿನಗಳನ್ನೂ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಮಾರಾಟದ ದಿನಾಂಕವನ್ನೂ ಇಲ್ಲಿಯೇ ಪ್ರಕಟಿಸಲಾಗುವುದು.