ಮಾತ್ರೆ ಇಲ್ಲದೆ ಮೂರು ತಿಂಗಳಲ್ಲಿ ಕೊಲೆಸ್ಟ್ರಾಲ್ ಇಳಿದೀತೇ?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ, ಊರು ಉಡುಪಿ, ಕೂತು ಮಾಡುವ ಕೆಲಸ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 152, ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 210, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ 38. ಬಿಪಿ, ಶುಗರ್ ಇಲ್ಲ, ಸಿಗರೇಟು ಸೇದುವುದಿಲ್ಲ. ಮೂರು ತಿಂಗಳು ಪಥ್ಯ ಮಾಡಿದರೆ ಸಾಕೇ?

ಉತ್ತರ: ಪ್ರಯತ್ನಿಸಲು ನಿಮಗೆ ಅವಕಾಶವಿದೆ. ಊಟ ಬದಲಿಸಿದರೆ ಎಲ್‌ಡಿಎಲ್ ಸಾಮಾನ್ಯವಾಗಿ ನೂರಕ್ಕೆ 10ರಿಂದ 15ರಷ್ಟು ಇಳಿಯುತ್ತದೆ. ಅಂದರೆ ನಿಮ್ಮದು 130ರ ಆಸುಪಾಸಿಗೆ ಬಂದೀತು. 80ಕ್ಕೆ ಇಳಿಯುತ್ತದೆ ಎಂದು ಯಾರಾದರೂ ವಾಟ್ಸ್ಯಾಪಿನಲ್ಲಿ ಹೇಳಿದ್ದರೆ ನಂಬಬೇಡಿ. ಟ್ರೈಗ್ಲಿಸರೈಡ್ ಮಾತ್ರ ಬೇಗ ಮಾತು ಕೇಳುತ್ತದೆ: ಸಕ್ಕರೆ, ಮದ್ಯ, ಅನ್ನದ ರಾಶಿ ಕಡಿಮೆಯಾಗಿ ತೂಕ ನಾಲ್ಕೈದು ಕಿಲೋ ಇಳಿದರೆ ಅದರಲ್ಲಿ ಒಳ್ಳೆಯ ಬದಲಾವಣೆ ಕಾಣುತ್ತದೆ.

ಪ್ರಶ್ನೆ: ತೆಂಗಿನೆಣ್ಣೆ ಬಿಡಲೇಬೇಕಾ? ಅಜ್ಜ ಅದನ್ನೇ ತಿಂದು 90 ವರ್ಷ ಬದುಕಿದರು.

ಉತ್ತರ: ಈ ಅಜ್ಜ ನನ್ನ ಕ್ಲಿನಿಕ್ಕಿಗೆ ದಿನವೂ ಬರುತ್ತಾರೆ! ಅಜ್ಜ ಗದ್ದೆಯಲ್ಲಿ ದುಡಿದರು, ನೀವು ಕುರ್ಚಿಯಲ್ಲಿ. ತೆಂಗಿನೆಣ್ಣೆಯ ಸುಮಾರು 90 ಶೇಕಡಾ ಸ್ಯಾಚುರೇಟೆಡ್ ಕೊಬ್ಬು, ಅದು ಎಲ್‌ಡಿಎಲ್ ಏರಿಸುತ್ತದೆ. ಒಗ್ಗರಣೆಗೆ ಒಂದು ಚಮಚ ಇರಲಿ, ಕರಿಯುವುದು ಬೇಡ. ಬಂಗುಡೆ, ಬೂತಾಯಿ ಬಿಡಬೇಡಿ. ತವಾದಲ್ಲಿ ಎಣ್ಣೆ ಸುರಿದು ಹುರಿಯುವ ಬದಲು ಪುಳಿಮುಂಚಿ ಮಾಡಿಸಿ. ಗಸಿಗೆ ತೆಂಗಿನಕಾಯಿ ಅರ್ಧ ಹಾಕಿದರೂ ರುಚಿ ಕೆಡುವುದಿಲ್ಲ. ಹುರುಳಿ ಸಾರು, ಬಸಳೆ, ಹೆಸರುಕಾಳು ಹೆಚ್ಚಾಗಲಿ. ಇವುಗಳಲ್ಲಿರುವ ನಾರು ಕೊಲೆಸ್ಟ್ರಾಲನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ. ಸಂಜೆಯ ಗೋಳಿಬಜೆ, ಬನ್ಸ್ ವಾರಕ್ಕೊಮ್ಮೆ ಸಾಕು. ಇನ್ನು ನಡಿಗೆ: ವಾರಕ್ಕೆ 150 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು. ಮಲ್ಪೆ ಬೀಚಿನಲ್ಲಿ ಸೆಲ್ಫಿ ತೆಗೆಯುತ್ತ ನಡೆದದ್ದು ಲೆಕ್ಕಕ್ಕಿಲ್ಲ.

ಪ್ರಶ್ನೆ: ಮತ್ತೆ ರಕ್ತ ಪರೀಕ್ಷೆ ಯಾವಾಗ?

ಉತ್ತರ: ಹೊಸ ಅಭ್ಯಾಸ ಶುರುವಾದ ದಿನದಿಂದ 12 ವಾರಕ್ಕೆ. ತಿಂಗಳಿಗೊಮ್ಮೆ ಮಾಡಿಸಿ ಕೊರಗಬೇಡಿ, ಎಲ್‌ಡಿಎಲ್ ಸುಮ್ಮನೆಯೇ ಐದು–ಹತ್ತು ಶೇಕಡಾ ಅತ್ತಿತ್ತ ಆಗುತ್ತದೆ. ಅದೇ ಲ್ಯಾಬಿಗೆ ಹೋಗಿ. ಟ್ರೈಗ್ಲಿಸರೈಡ್ ಜಾಸ್ತಿ ಇರುವುದರಿಂದ ನಿಮಗೆ ಖಾಲಿ ಹೊಟ್ಟೆಯಲ್ಲಿ ಕೊಡುವುದೇ ಸರಿ. ನೀರು ಕುಡಿಯಬಹುದು. ಜ್ವರ ಬಂದಿದ್ದರೆ ಮೂರ್ನಾಲ್ಕು ವಾರ ತಡೆಯಿರಿ. ಮದುವೆ ಊಟದ ಮರುದಿನವಂತೂ ಬೇಡವೇ ಬೇಡ. ಒಮ್ಮೆ ಥೈರಾಯ್ಡ್ ಕೂಡ ನೋಡಿಸಿ, ಅದು ಕಡಿಮೆಯಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ.

ಪ್ರಶ್ನೆ: ನನ್ನ ಅಣ್ಣನಿಗೂ ಮೂರು ತಿಂಗಳು ಕಾಯಿರಿ ಎನ್ನಲೇ? ಅವನಿಗೆ 50, ಶುಗರ್ ಇದೆ.

ಉತ್ತರ: ಬೇಡ. ಶುಗರ್ ಇರುವವರಿಗೆ, ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆದವರಿಗೆ, ಎಲ್‌ಡಿಎಲ್ 190 ದಾಟಿದವರಿಗೆ ಪಥ್ಯದ ಜೊತೆಗೇ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕಾಗುತ್ತದೆ. ಅವರು ಈ ವಾರವೇ ತಮ್ಮ ಡಾಕ್ಟರನ್ನು ಕಾಣಲಿ. ನಿಮ್ಮ ತಂದೆಗೋ ಅಣ್ಣನಿಗೋ 55ರೊಳಗೆ ಹೃದಯದ ತೊಂದರೆ ಬಂದಿದ್ದರೆ ಅದನ್ನು ನನಗೂ ಹೇಳಿ, ಆಗ ನಿಮ್ಮ ಲೆಕ್ಕವೂ ಬದಲಾಗುತ್ತದೆ.