ಸುರಕ್ಷತಾ ಸಪ್ತಾಹದ ಉದ್ಘಾಟನೆಯಲ್ಲಿ ಪ್ಲಾಂಟ್ ಮ್ಯಾನೇಜರ್ ಮಾತು

ಎಲ್ಲರಿಗೂ ನಮಸ್ಕಾರ.

ನೈಟ್ ಶಿಫ್ಟ್ ಮುಗಿಸಿ ಮನೆಗೆ ಹೋಗದೆ ನಿಂತವರಿಗೆ ಮೊದಲು ಧನ್ಯವಾದ. ನಿಮ್ಮ ಬಸ್ಸು ಕಾಯುತ್ತದೆ, ಡ್ರೈವರ್‌ಗೆ ಹೇಳಿದ್ದೇನೆ. ತಿಂಡಿ ತಿಂದೇ ಹೊರಡಿ.

ಇವತ್ತು ಮಾರ್ಚ್ 4. 1966ರಲ್ಲಿ ಇದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಶುರುವಾಯಿತು. ಅದಕ್ಕೇ ದೇಶದ ಎಲ್ಲ ಕಾರ್ಖಾನೆಗಳಲ್ಲೂ ಇವತ್ತು ಬಾವುಟ ಹಾರಿಸುತ್ತಾರೆ, ಬ್ಯಾಡ್ಜ್ ಹಾಕಿಕೊಳ್ಳುತ್ತಾರೆ, ಪೋಸ್ಟರ್ ಸ್ಪರ್ಧೆ ಮಾಡುತ್ತಾರೆ. ನಾವೂ ಮಾಡುತ್ತೇವೆ. ಆದರೆ ನಾನು ಈ ಮೈಕ್ ಹಿಡಿದಿರುವುದು ನಿಮ್ಮನ್ನು ಒಂದೇ ಒಂದು ವಿಷಯ ಕೇಳಿಕೊಳ್ಳೋಕೆ. ಕೆಲಸದ ಜಾಗದಲ್ಲಿ ಏನಾದರೂ ಸರಿ ಇಲ್ಲ ಅಂತ ಕಂಡರೆ, ಹೇಳಿ. ಯಾರಿಗೂ ಪೆಟ್ಟಾಗುವ ಮುಂಚೆ ಹೇಳಿ.

ಕಳೆದ ತಿಂಗಳು ಪ್ರೆಸ್ ಶಾಪ್‌ನಲ್ಲಿ ನಡೆದದ್ದು ಕೆಲವರಿಗೆ ಗೊತ್ತಿದೆ. ಹೌಸ್‌ಕೀಪಿಂಗ್‌ನ ನಮ್ಮ ಅಕ್ಕ ಒಬ್ಬರು ಸೂಪರ್‌ವೈಸರ್ ಹತ್ತಿರ ಬಂದು, "ಸಾರ್, ಆ ದೊಡ್ಡ ಪ್ರೆಸ್ ಹಿಂದೆ ದಿನಾ ಎಣ್ಣೆ ಒರೆಸ್ತೀನಿ. ದಿನಾ ಅದೇ ಜಾಗದಲ್ಲಿ ಮತ್ತೆ ಬಂದಿರುತ್ತೆ" ಅಂದರು. ಅಷ್ಟೇ ಹೇಳಿದ್ದು. ಮೆಂಟೆನೆನ್ಸ್‌ನವರು ಹಿಂದಿನ ಕವರ್ ಬಿಚ್ಚಿದರು. ಹೈಡ್ರಾಲಿಕ್ ಹೋಸ್ ಒಂದು ಕಡೆ ಕ್ಲಾಂಪ್‌ಗೆ ಉಜ್ಜಿ ಉಜ್ಜಿ ಸವೆದಿತ್ತು. ಮೇಲಿನ ರಬ್ಬರ್ ಹೋಗಿ ಒಳಗಿನ ತಂತಿ ಹೆಣಿಗೆ ಕಾಣುತ್ತಿತ್ತು. ಪಕ್ಕದಲ್ಲೇ ಹೆಬ್ಬೆರಳಿನಷ್ಟು ಉಬ್ಬಿತ್ತು.

ಮೆಷಿನ್ ಓಡುವಾಗ ಆ ಹೋಸ್ ಒಡೆದಿದ್ದರೆ? ಅಷ್ಟು ಒತ್ತಡದ ಎಣ್ಣೆ ಸಣ್ಣ ತೂತಿನಿಂದ ಚಿಮ್ಮಿದರೆ ಗ್ಲೌಸ್ ದಾಟಿ ಚರ್ಮದೊಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಕೈಯೇ ಹಾಳು. ಬಿಸಿ ಜಾಗಕ್ಕೆ ಮಂಜಿನ ಹಾಗೆ ಸಿಡಿದರೆ ಬೆಂಕಿ. ಆ ಪ್ರೆಸ್‌ಗೆ ಆಪರೇಟರ್ ಇದ್ದರು, ಚೆಕ್‌ಲಿಸ್ಟ್ ಇತ್ತು, ಚೆಕ್‌ಲಿಸ್ಟ್‌ನಲ್ಲಿ ಟಿಕ್ ಮಾರ್ಕೂ ಇತ್ತು. ಆದರೆ ಎಣ್ಣೆ ದಿನಾ ಅದೇ ಜಾಗಕ್ಕೆ ಬೀಳುತ್ತಿದೆ ಅನ್ನೋದು ಗಮನಿಸಿದ್ದು ನೆಲ ಒರೆಸುವವರು. ಅವರು "ನನಗ್ಯಾಕೆ, ನನ್ನ ಕೆಲಸ ಒರೆಸೋದು" ಅಂದುಕೊಳ್ಳಲಿಲ್ಲ. ಅಕ್ಕ, ಇಲ್ಲೇ ಇದ್ದೀರಿ ಅಲ್ವಾ? ಎಲ್ಲರ ಪರವಾಗಿ ನಿಮಗೆ ಕೈ ಮುಗಿಯುತ್ತೇನೆ.

ಇನ್ನೊಂದು ಕಡೆ ಹೀಗಾಗಲಿಲ್ಲ. ಭೋಪಾಲ್ ಹೆಸರು ಎಲ್ಲರೂ ಕೇಳಿದ್ದೀರಿ. ನಿಮ್ಮಲ್ಲಿ ಜಾಸ್ತಿ ಜನ ಆಗ ಹುಟ್ಟೇ ಇರಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕ್‌ನಿಂದ ವಿಷಾನಿಲ ಸೋರಿತು. ಅದೇನೂ ಏಕಾಏಕಿ ಆಗಿದ್ದಲ್ಲ. 1981ರಲ್ಲೇ ಅದೇ ಕಾರ್ಖಾನೆಯಲ್ಲಿ ವಿಷಾನಿಲ ತಗುಲಿ ಒಬ್ಬ ಕಾರ್ಮಿಕ ಸತ್ತಿದ್ದರು. ಯೂನಿಯನ್‌ನವರು ಎಚ್ಚರಿಕೆ ಕೊಟ್ಟಿದ್ದರು. ಕೇಳುವವರು ಇರಲಿಲ್ಲ. ಟ್ಯಾಂಕ್ ತಂಪಾಗಿಡುವ ರೆಫ್ರಿಜರೇಶನ್ ನಿಂತು ತಿಂಗಳುಗಳಾಗಿದ್ದವು. ಸೋರಿದ ಗ್ಯಾಸ್ ಸುಡಬೇಕಾದ ಫ್ಲೇರ್ ಟವರ್ ರಿಪೇರಿಗೆ ಅಂತ ಬಿದ್ದಿತ್ತು. ಸಣ್ಣಪುಟ್ಟ ಸೋರಿಕೆ ಅಲ್ಲಿ ಮಾಮೂಲಿ, ಕಣ್ಣು ಉರಿದರೆ ಗ್ಯಾಸ್ ಸೋರುತ್ತಿದೆ ಅಂತ ಲೆಕ್ಕ. ಆ ರಾತ್ರಿಯೂ ಹನ್ನೊಂದೂವರೆ ಸುಮಾರಿಗೆ ಕೆಲಸಗಾರರ ಕಣ್ಣು ಉರಿಯಿತು, ಅವರು ಹೋಗಿ ಹೇಳಿದರು. ಬಂದ ಉತ್ತರ, ಟೀ ಬ್ರೇಕ್ ಆದ ಮೇಲೆ ನೋಡೋಣ. ಟೀ ಮುಗಿಯುವ ಹೊತ್ತಿಗೆ ಟ್ಯಾಂಕ್ ಯಾರ ಕೈಗೂ ಸಿಗದ ಹಾಗಾಗಿತ್ತು. ಸಾವಿರಾರು ಜನ ಸತ್ತರು.

ಇದನ್ನು ನಿಮ್ಮನ್ನು ಹೆದರಿಸೋಕೆ ಹೇಳುತ್ತಿಲ್ಲ. ಈ ಮಾತು ಮುಂದಿನ ಸಾಲಿನಲ್ಲಿ ಕೂತಿರುವ ಸೂಪರ್‌ವೈಸರ್‌ಗಳಿಗೆ, ಶಿಫ್ಟ್ ಇನ್‌ಚಾರ್ಜ್‌ಗಳಿಗೆ, ನನಗೆ. ಹೇಳಿದವರು ಅಲ್ಲಿ ಇದ್ದರು. ಕೇಳಿ ಎದ್ದು ಹೋಗುವವರು ಇರಲಿಲ್ಲ. ಆ ದುರಂತದ ಮೇಲೆ 1987ರಲ್ಲಿ ಫ್ಯಾಕ್ಟರಿ ಕಾಯ್ದೆ ತಿದ್ದುಪಡಿ ಆಯಿತು. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಯಲ್ಲಿ ಜೀವಕ್ಕೆ ಅಪಾಯ ಹತ್ತಿರ ಬಂದಿದೆ ಅನ್ನಿಸಿದರೆ ಮ್ಯಾನೇಜರ್‌ಗೂ, ಇನ್‌ಸ್ಪೆಕ್ಟರ್‌ಗೂ ತಿಳಿಸುವುದು ಕಾರ್ಮಿಕರ ಹಕ್ಕು ಅಂತ ಅದರಲ್ಲಿ ಬರೆದರು. ಹಕ್ಕು ಅಂತ ಬರೆಯಬೇಕಾಯಿತು ಅಂದರೆ, ಹೇಳೋದು ಎಷ್ಟು ಕಷ್ಟ ಅನ್ನೋದು ಬರೆದವರಿಗೆ ಗೊತ್ತಿತ್ತು.

ಕಷ್ಟ ಯಾಕೆ ಅನ್ನೋದು ನನಗೂ ಗೊತ್ತು. ಕಾಂಟ್ರಾಕ್ಟ್‌ನಲ್ಲಿ ಇರುವವರಿಗೆ "ನಾಳೆಯಿಂದ ಬರಬೇಡ ಅಂದುಬಿಟ್ಟರೆ" ಅನ್ನುವ ಭಯ. ಅಪ್ರೆಂಟಿಸ್ ಹುಡುಗರಿಗೆ "ಇವನಿಗೆ ಏನು ಗೊತ್ತು" ಅಂತ ನಗುತ್ತಾರೆ ಅನ್ನುವ ಮುಜುಗರ. ಹಳಬರಿಗೆ ಇನ್ನೊಂದು ತರಹ: ಕೈ ಒಳಗೆ ಹೋದರೆ ಮೆಷಿನ್ ನಿಲ್ಲಿಸುವ ಲೈಟ್ ಕರ್ಟನ್ ಬೈಪಾಸ್ ಆಗಿದೆ ಅಂತ ಬರೆದರೆ, ಪಕ್ಕದ ಮೆಷಿನ್‌ನ ಗೆಳೆಯನನ್ನೇ ಹಿಡಿದುಕೊಟ್ಟ ಹಾಗೆ ಆಗುತ್ತದಲ್ಲ ಅಂತ. ಈ ಮೂರಕ್ಕೂ ನನ್ನ ಉತ್ತರ ಎಲ್ಲರ ಎದುರು ಹೇಳುತ್ತೇನೆ. ಅಪಾಯ ತೋರಿಸಿದ ಕಾರಣಕ್ಕೆ ಇಲ್ಲಿ ಯಾರ ಕೆಲಸವೂ ಹೋಗುವುದಿಲ್ಲ. ಕಾಂಟ್ರಾಕ್ಟರ್‌ಗಳಿಗೂ ಇದನ್ನೇ ಬರವಣಿಗೆಯಲ್ಲಿ ಕೊಟ್ಟಿದ್ದೇನೆ. ಲೈಟ್ ಕರ್ಟನ್ ಬೈಪಾಸ್ ಆಗಿದ್ದರೆ ನಾವು ಮೊದಲು ಕೇಳುವುದು "ಯಾರು ಮಾಡಿದ್ದು" ಅಂತ ಅಲ್ಲ. "ಅದು ಆನ್ ಇದ್ದಾಗ ಕೆಲಸ ಯಾಕೆ ಓಡುತ್ತಿರಲಿಲ್ಲ" ಅಂತ. ಎಷ್ಟೋ ಸಲ ಸೆನ್ಸರ್ ಸುಮ್ನೆ ಟ್ರಿಪ್ ಆಗುತ್ತಿರುತ್ತದೆ, ಟಾರ್ಗೆಟ್ ತಲೆ ಮೇಲೆ ಕೂತಿರುತ್ತದೆ. ಅದನ್ನು ಸರಿ ಮಾಡುವುದು ನಮ್ಮ ಕೆಲಸ.

ಈಗ ಹೇಗೆ ಹೇಳಬೇಕು ಅನ್ನೋದು. ಪ್ರತಿ ಬೇನಲ್ಲೂ ಹಳದಿ ಪೆಟ್ಟಿಗೆ ಹಾಕಿದ್ದೇವೆ, ಪಕ್ಕದಲ್ಲಿ ಕಾರ್ಡ್ ಇದೆ. ಎಲ್ಲಿ, ಏನು, ಎರಡೇ ಸಾಲು ಬರೆದರೆ ಸಾಕು. ಹೆಸರು ಹಾಕಬೇಕು ಅಂತೇನಿಲ್ಲ. ಯಾವ ಭಾಷೆಯಾದರೂ ಸರಿ, ಒಡಿಯಾ, ಹಿಂದಿ, ತಮಿಳು, ಬರೆಯುವವರ ಮನಸ್ಸಿಗೆ ಬಂದದ್ದು. ಬರೆಯೋಕೆ ಆಗದವರು ಸೇಫ್ಟಿ ನಂಬರ್‌ಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿ, ನಂಬರ್ ಪೆಟ್ಟಿಗೆ ಮೇಲೇ ಇದೆ. ಜೀವಕ್ಕೆ ಅಪಾಯ ಅನ್ನಿಸಿದರೆ ಕಾರ್ಡ್ ಹುಡುಕಬೇಡಿ. ಮೆಷಿನ್ ನಿಲ್ಲಿಸಿ, ಆಮೇಲೆ ಸೂಪರ್‌ವೈಸರ್‌ನ ಕರೆಯಿರಿ. ನಿಂತ ಹೊತ್ತಿನ ಪ್ರೊಡಕ್ಷನ್ ಲೆಕ್ಕ ನನ್ನ ಖಾತೆಗೆ.

ಬಂದ ಪ್ರತಿ ಕಾರ್ಡ್ ಕ್ಯಾಂಟೀನ್ ಪಕ್ಕದ ಬೋರ್ಡ್‌ನಲ್ಲಿ ಕಾಣುತ್ತದೆ. ಯಾರ ಜವಾಬ್ದಾರಿ, ಯಾವಾಗ ಮುಗಿಯುತ್ತದೆ, ಆಗಿಲ್ಲ ಅಂದರೆ ಯಾಕೆ ಆಗಿಲ್ಲ, ಎಲ್ಲ ಅಲ್ಲೇ ಇರುತ್ತದೆ. 24 ಗಂಟೆಯೊಳಗೆ ಯಾರೂ ಹೋಗಿ ನೋಡಿಲ್ಲ ಅಂದರೆ ಆ ಕಾರ್ಡ್ ನನ್ನ ಟೇಬಲ್‌ಗೆ ಬರುತ್ತದೆ. ಕೆಲವಕ್ಕೆ ಸಮಯ ಬೇಕು. ಪೇಂಟ್ ಶಾಪ್ ಎಕ್ಸಾಸ್ಟ್ ಒಂದು ದಿನದಲ್ಲಿ ಬದಲಾಗುವುದಿಲ್ಲ. ಆದರೆ ಉತ್ತರ ಕೊಡೋಕೆ ಸಮಯ ಬೇಕಾಗಿಲ್ಲ.

ಇನ್ನೊಂದು ಬದಲಾವಣೆ. ಅಪಘಾತವೇ ಇಲ್ಲದ ಡಿಪಾರ್ಟ್‌ಮೆಂಟ್‌ಗೆ ಕೊಡುತ್ತಿದ್ದ ಶೀಲ್ಡ್ ಈ ವರ್ಷದಿಂದ ಇಲ್ಲ. ಶೀಲ್ಡ್ ಕೈ ತಪ್ಪುತ್ತದೆ ಅಂತ ಬೆರಳು ಕುಯ್ದುಕೊಂಡವರು ಬಟ್ಟೆ ಸುತ್ತಿಕೊಂಡು ಸುಮ್ಮನಿರುವುದು ಬೇಡ. ಹಾಗಂತ ಜಾಸ್ತಿ ಕಾರ್ಡ್ ಬರೆದವರಿಗೂ ಬಹುಮಾನ ಇಲ್ಲ. ಹಾಗೆ ಮಾಡಿದರೆ ಡಸ್ಟ್‌ಬಿನ್ ಓರೆಯಾಗಿದೆ ಅನ್ನುವ ಕಾರ್ಡ್‌ಗಳ ರಾಶಿಯಲ್ಲಿ ಕ್ರೇನ್ ಹುಕ್‌ನ ಲ್ಯಾಚ್ ಮುರಿದಿದೆ ಅನ್ನುವ ಕಾರ್ಡ್ ಕಳೆದುಹೋಗುತ್ತದೆ. ವರ್ಷದ ಕೊನೆಗೆ ಸೇಫ್ಟಿ ಕಮಿಟಿ ಕೂತು, ಯಾವ ಮಾತಿನಿಂದ ದೊಡ್ಡ ಅನಾಹುತ ತಪ್ಪಿತು ಅಂತ ನೋಡುತ್ತದೆ. ಆ ಕಮಿಟಿಯಲ್ಲಿ ನಿಮ್ಮವರು ಎಷ್ಟೋ, ಆಡಳಿತದವರೂ ಅಷ್ಟೇ. ಅವರು ಆರಿಸಿದವರನ್ನು ಇದೇ ಜಾಗದಲ್ಲಿ ಗೌರವಿಸುತ್ತೇವೆ.

ಸೂಪರ್‌ವೈಸರ್‌ಗಳೇ, ಯಾರಾದರೂ ಏನಾದರೂ ಹೇಳೋಕೆ ಬಂದರೆ "ಆಮೇಲೆ ಬಾ" ಅನ್ನಬೇಡಿ. ಅವರ ಜೊತೆ ಆ ಜಾಗಕ್ಕೆ ನಡೆದುಕೊಂಡು ಹೋಗಿ. ಹೋಗಿ ನೋಡಿದಾಗ ಅಲ್ಲಿ ಏನೂ ಇಲ್ಲದಿದ್ದರೂ "ಹೇಳಿದ್ದು ಒಳ್ಳೇದಾಯ್ತು" ಅನ್ನಿ. ಇವತ್ತು ಬೈಸಿಕೊಂಡವರು ನಾಳೆ ನಿಜವಾದ ಅಪಾಯ ಕಂಡರೂ ಬಾಯಿ ಬಿಡುವುದಿಲ್ಲ.

ಈಗ ಯೂನಿಯನ್ ಅಧ್ಯಕ್ಷರು ಪ್ರತಿಜ್ಞೆ ಓದುತ್ತಾರೆ. ಎಲ್ಲರೂ ಬಲಗೈ ಮುಂದೆ ಚಾಚಿ. ಅದು ಮುಗಿದ ತಕ್ಷಣ ನಾನು ಡಿಸ್ಪ್ಯಾಚ್ ಕಡೆಯಿಂದ ಸುತ್ತು ಶುರು ಮಾಡುತ್ತೇನೆ, ಸೇಫ್ಟಿ ಆಫೀಸರ್ ಕಾರ್ಡ್ ಹಿಡಿದುಕೊಂಡು ಜೊತೆಯಲ್ಲಿ ಇರುತ್ತಾರೆ. ತೋರಿಸೋದು ಏನಾದರೂ ಇದ್ದರೆ ನಮ್ಮನ್ನು ಅಲ್ಲೇ ನಿಲ್ಲಿಸಿ ತೋರಿಸಿ.