ಥಿಂಗ್ಸ್ ಫಾಲ್ ಅಪಾರ್ಟ್: ಪಾತ್ರ, ವಸ್ತು, ಉಕ್ತಿಗಳ ರಿವಿಷನ್ ಕೋಷ್ಟಕ

ಬಿ.ಎ. ಐಚ್ಛಿಕ ಇಂಗ್ಲಿಷ್, ಧಾರವಾಡ. ಮೇಡಂ ಅವರ ಉಪನ್ಯಾಸದ ಟಿಪ್ಪಣಿಯಿಂದ ತಯಾರಿಸಿದ್ದು. ಸಪ್ತಾಪುರದ ನಮ್ಮ ಹಾಸ್ಟೆಲ್ ಗೆಳತಿಯರಿಗೆ, ಅದರಲ್ಲೂ ಪಿಯುಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ.

ಮೊದಲು ಇದನ್ನು ಓದಿ

ಮೇಡಂ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಲಿಲ್ಲ. ಒಂದು ಪ್ರಶ್ನೆ ಹಿಡಿದು ಹಿಂದೆ ಮುಂದೆ ಓಡಾಡಿದರು. ಹಾಗಾಗಿ ನೋಟ್ಸನ್ನು ಬರೆದುಕೊಂಡ ಕ್ರಮದಲ್ಲೇ ಓದಿದರೆ ತಲೆಗೆ ಹತ್ತುವುದಿಲ್ಲ. ಅವರ ಮಾತುಗಳನ್ನು ಒಡೆದು ಪಾತ್ರ, ವಸ್ತು, ಉಕ್ತಿ ಎಂದು ಮೂರು ಕೋಷ್ಟಕಗಳಲ್ಲಿ ಕೂರಿಸಿದ್ದೇನೆ. ಉಕ್ತಿಗಳಿಗೆ ಉ1, ಉ2 ಎಂದು ಸಂಖ್ಯೆ ಕೊಟ್ಟಿದ್ದೇನೆ. ಉಳಿದ ಎರಡು ಕೋಷ್ಟಕಗಳಲ್ಲಿ ಆ ಸಂಖ್ಯೆ ಮಾತ್ರ ಬರುತ್ತದೆ. ಉಕ್ತಿಗಳ ಕನ್ನಡ ನನ್ನದು, ಅರ್ಥ ಹಿಡಿಯುವುದಕ್ಕೆ. ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಮೂಲದ ಸಾಲು. ಅಧ್ಯಾಯದ ಸಂಖ್ಯೆ ಹಿಡಿದು ಪುಸ್ತಕ ತೆರೆಯಿರಿ, ಸಾಲು ಸಿಕ್ಕ ಕೂಡಲೇ ಪೆನ್ಸಿಲ್‌ನಿಂದ ಅಡಿಗೆರೆ ಎಳೆಯಿರಿ.

ಉಪನ್ಯಾಸದ ತಿರುಳು ಮೇಡಂ ಅವರದೇ ಮಾತಿನಲ್ಲಿ: "ಬಿಳಿಯರು ಬಂದ್ರು, ಊರು ಒಡೀತು ಅಂತ ಅಷ್ಟ ಬರದ್ರ ಅರ್ಧಾ ಉತ್ತರ. ಪೆಟ್ಟು ಬೀಳೂಕಿಂತ ಮೊದಲ ಬಿರುಕು ಬಿಟ್ಟಿತ್ತು. ಆ ಬಿರುಕು ಎಲ್ಲಿ ಅದ ಹುಡುಕ್ರಿ."

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೋಷ್ಟಕ ಕಟ್ಟಿರುವುದೂ ಇದರ ಮೇಲೆಯೇ.

ಬೇಕಾದಷ್ಟು ಹಿನ್ನೆಲೆ

ಲೇಖಕ ಚಿನುವಾ ಅಚೆಬೆ (1930–2013), ನೈಜೀರಿಯಾದ ಇಗ್ಬೊ ಜನಾಂಗದವರು. ಕಾದಂಬರಿ ಪ್ರಕಟವಾದದ್ದು 1958ರಲ್ಲಿ, ಲಂಡನ್ನಿನಲ್ಲಿ. ನೈಜೀರಿಯಾಕ್ಕೆ ಸ್ವಾತಂತ್ರ್ಯ ಬಂದದ್ದು 1960ರಲ್ಲಿ. ಶೀರ್ಷಿಕೆ ಯೇಟ್ಸ್ ಅವರ 'ದ ಸೆಕೆಂಡ್ ಕಮಿಂಗ್' ಕವಿತೆಯದು. ಮೂರು ಭಾಗ, 25 ಅಧ್ಯಾಯ: 1–13 ನಾಯಕ ಒಕೊಂಕ್ವೊನ ಊರು ಉಮುಓಫಿಯಾ, 14–19 ಅವನ ತಾಯಿಯ ತವರು ಎಂಬಾಂಟಾದಲ್ಲಿ ಗಡಿಪಾರು, 20–25 ಮರಳಿ ಉಮುಓಫಿಯಾ. ಬಿಳಿಯರ ಸುದ್ದಿ ಗಟ್ಟಿಯಾಗಿ ಬರುವುದು 15ನೇ ಅಧ್ಯಾಯದಲ್ಲಿ. ಅಂದರೆ ಅರ್ಧಕ್ಕಿಂತ ಹೆಚ್ಚು ಪುಸ್ತಕ ಊರಿನ ಒಳಗಿನ ಬದುಕಿನದೇ. ಬಿರುಕಿನ ವಾದಕ್ಕೆ ಮೊದಲ ಪುರಾವೆ ಇದೇ.

ಕೋಷ್ಟಕ 1: ಪಾತ್ರಗಳು

| ಪಾತ್ರ | ಯಾರು, ಏನಾಗುತ್ತದೆ | ಬಿರುಕು ಎಲ್ಲಿ | ಉಕ್ತಿ |
|---|---|---|---|
| ಒಕೊಂಕ್ವೊ | 18ನೇ ವಯಸ್ಸಿನಲ್ಲಿ ಅಮಲಿಂಜೆಯನ್ನು ಕುಸ್ತಿಯಲ್ಲಿ ಕೆಡವಿ ಹೆಸರು ಮಾಡಿದವನು. ತಂದೆಯಿಂದ ಹೊಲವಿಲ್ಲ, ಕಣಜವಿಲ್ಲ. ನ್ವಾಕಿಬಿಯೆ ಕೊಟ್ಟ 800 ಬೀಜದ ಗೆಡ್ಡೆಗಳಿಂದ ಬೇಸಾಯ ಶುರು. ಆ ವರ್ಷವೇ ಮೊದಲು ಬರ, ಆಮೇಲೆ ಅತಿವೃಷ್ಟಿ. ಅದನ್ನೂ ತಾಳಿಕೊಂಡು ಮೇಲೆ ಬಂದ. ಕೊನೆಗೆ ಕೋರ್ಟಿನ ಜವಾನನನ್ನು ಕಡಿದು, ನೇಣು ಹಾಕಿಕೊಂಡ. | ತಂದೆಯಂತೆ ಆದೇನೋ ಎಂಬ ಅಂಜಿಕೆ. ಶೌರ್ಯವೆಲ್ಲ ಇದರ ಮೇಲೆಯೇ ನಿಂತಿದೆ. | ಉ1, ಉ3, ಉ6 |
| ಉನೋಕಾ | ಒಕೊಂಕ್ವೊನ ತಂದೆ. ಕೊಳಲು ನುಡಿಸುವವನು, ಸಾಲಗಾರ. ಮೈ ಬಾತು ಬರುವ ರೋಗದಿಂದಾಗಿ ಅವನನ್ನು ಹೊತ್ತೊಯ್ದು ದುಷ್ಟಾರಣ್ಯದಲ್ಲಿ ಬಿಟ್ಟುಬಂದರು. ಕೊಳಲನ್ನು ಜೊತೆಗೆ ಒಯ್ದ. | ಮೃದು ಮನಸ್ಸಿನ ಗಂಡಸಿಗೆ ಈ ಊರಿನಲ್ಲಿ ಜಾಗವಿಲ್ಲ. | |
| ಇಕೆಮೆಫುನಾ | ಎಂಬೈನೊದಿಂದ ಕೊಲೆಗೆ ಪರಿಹಾರವಾಗಿ ಬಂದ ಹುಡುಗ. ಮೂರು ವರ್ಷ ಒಕೊಂಕ್ವೊನ ಮನೆಯಲ್ಲಿ ಮಗನಂತೆ ಬೆಳೆದ. | ದೇವವಾಣಿಯ ಹೆಸರಿನಲ್ಲಿ ಕೊಲೆ. | ಉ2, ಉ3 |
| ನ್ವೋಯೆ | ಒಕೊಂಕ್ವೊನ ಹಿರಿಯ ಮಗ. ಕ್ರೈಸ್ತನಾಗಿ ಐಸಾಕ್ ಎಂಬ ಹೆಸರು ಪಡೆದ. | 7ನೇ ಅಧ್ಯಾಯದಲ್ಲೇ ಒಳಗೆ ಏನೋ ಕಡಿದುಹೋಗಿದೆ. | ಉ4 |
| ಒಬಿಯೆರಿಕಾ | ಒಕೊಂಕ್ವೊನ ಗೆಳೆಯ. ಯೋಚಿಸುವವನು. ಗಡಿಪಾರಿನ ಕಾಲದಲ್ಲಿ ಗೆಳೆಯನ ಬೆಳೆ ಮಾರಿ ಹಣ ತಂದುಕೊಟ್ಟ. | ಅನುಮಾನವಿದೆ, ಆದರೆ ಎದುರು ನಿಲ್ಲುವುದಿಲ್ಲ. | ಉ5, ಉ8, ಉ9 |
| ಎಜಿನ್ಮಾ | ಒಕೊಂಕ್ವೊನ ಹೆಂಡತಿ ಎಕ್ವೆಫಿ ಹೆತ್ತ ಹತ್ತು ಮಕ್ಕಳಲ್ಲಿ ಉಳಿದವಳು ಇವಳೊಬ್ಬಳೇ. ತಂದೆಯ ಮನಸ್ಸನ್ನು ಹೇಳದೆಯೇ ಓದುತ್ತಾಳೆ. | ತಂದೆ ಮೆಚ್ಚುವುದು "ಗಂಡಾಗಿದ್ದರೆ" ಎಂಬ ಕೊರಗಿನ ಜೊತೆಗೇ. | |
| ಉಚೆಂಡು | ಎಂಬಾಂಟಾದ ಹಿರಿಯ, ಒಕೊಂಕ್ವೊನ ಸೋದರಮಾವ. | ಬಿರುಕಿಗೆ ಔಷಧ ಗೊತ್ತಿದ್ದವನು, ಅಳಿಯ ಕೇಳಿಸಿಕೊಳ್ಳಲಿಲ್ಲ. | ಉ7 |
| ಬ್ರೌನ್, ಸ್ಮಿತ್ | ಪಾದ್ರಿಗಳು. ಬ್ರೌನ್ ಮಾತಿನವನು, ಶಾಲೆ ಆಸ್ಪತ್ರೆ ಕಟ್ಟಿದ. ಸ್ಮಿತ್ ಹಟದವನು. | ಹೊರಗಿನ ಪೆಟ್ಟು. | |
| ಜಿಲ್ಲಾ ಕಮಿಷನರ್ | ಊರಿನ ಆರು ಜನ ಹಿರಿಯರನ್ನು ಮಾತಿಗೆಂದು ಕರೆಸಿ ಬೇಡಿ ಹಾಕಿಸಿದ. | ಹೊರಗಿನ ಪೆಟ್ಟು. | ಉ10 |

*ಒಕೊಂಕ್ವೊ ಬಗ್ಗೆ.* ಚರ್ಚೆಯಲ್ಲಿ ಕೆಲವರು ಅವನನ್ನು ಖಳ ಎಂದರು. ಹೆಂಡಿರ ಮೇಲೆ ಕೈ ಮಾಡುತ್ತಾನೆ, ಶಾಂತಿವಾರದಲ್ಲೂ ಬಿಡಲಿಲ್ಲ, ನಿಜ. ಆದರೆ ಎಕ್ವೆಫಿ ಮಗಳ ಹಿಂದೆ ಕತ್ತಲಲ್ಲಿ ಗವಿಯ ತನಕ ಹೋದ ರಾತ್ರಿ (11) ಅವನೂ ಹಿಂದೆಯೇ ಬಂದು ನಿಂತಿದ್ದ. ಇಕೆಮೆಫುನಾ ಸತ್ತ ಮೇಲೆ ಎರಡು ದಿನ ಅನ್ನ ಮುಟ್ಟಲಿಲ್ಲ (8). ಪ್ರೀತಿ ಇದೆ, ಅದನ್ನು ತೋರಿಸುವುದೇ ದೌರ್ಬಲ್ಯ ಎಂದು ನಂಬಿದ್ದಾನೆ. ಉತ್ತರದಲ್ಲಿ ಈ ಎರಡು ಪ್ರಸಂಗ ಬರೆಯದೆ ಬರೀ "ಕ್ರೂರಿ" ಎಂದು ಬರೆದರೆ ದುರಂತ ನಾಯಕ ಎಂಬ ಮಾತಿಗೆ ಆಧಾರವೇ ಉಳಿಯುವುದಿಲ್ಲ.

*ಉನೋಕಾ ಸಾಲನ್ನು ಸಣ್ಣದೆಂದು ಬಿಡಬೇಡಿ.* ತಂದೆಗೆ ತನ್ನವರ ಕೈಯಿಂದ ಮಣ್ಣು ಸಿಗಲಿಲ್ಲ. ಜೀವನವಿಡೀ ತಂದೆಯಿಂದ ದೂರ ಓಡಿದ ಮಗನಿಗೂ ಸಿಗಲಿಲ್ಲ: ಆತ್ಮಹತ್ಯೆ ಭೂದೇವಿಗೆ ಅಪಚಾರ, ಹೆಣವನ್ನು ಪರಕೀಯರೇ ಇಳಿಸಬೇಕು. 3ನೇ ಅಧ್ಯಾಯ ಮತ್ತು 25ನೇ ಅಧ್ಯಾಯವನ್ನು ಒಟ್ಟಿಗೆ ಇಟ್ಟು ಬರೆಯಿರಿ. ಮೇಡಂ ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಯಾರೂ ಮಿಸುಕಲಿಲ್ಲ.

ಕೋಷ್ಟಕ 2: ವಸ್ತುಗಳು

| ವಸ್ತು | ಪ್ರಸಂಗ (ಅಧ್ಯಾಯ) | ಯಾರ ಮೂಲಕ | ಉಕ್ತಿ |
|---|---|---|---|
| ಅಂಜಿಕೆ ಮತ್ತು ಗಂಡಸುತನ | ಇಕೆಮೆಫುನಾನ ಕೊಲೆ (7), ಎಕ್ವೆಫಿಯ ಮೇಲೆ ಬಂದೂಕು ಹಾರಿಸಿದ್ದು (5), ಜವಾನನ ಕೊಲೆ (24) | ಒಕೊಂಕ್ವೊ, ಉನೋಕಾ | ಉ1, ಉ3, ಉ6 |
| ಊರು ಹೊರಗಿಟ್ಟವರು | ಕಾಡಿಗೆ ಎಸೆದ ಅವಳಿ ಕೂಸುಗಳು (7, 17), ಓಸುಗಳು (18) | ನ್ವೋಯೆ, ಅವಳಿ ಹೆತ್ತ ನೆಕಾ, ಓಸುಗಳು | ಉ4 |
| ಧರ್ಮದ ಆಜ್ಞೆ, ಮನಸ್ಸಾಕ್ಷಿ | ಊರಿನ ಹಿರಿಯ ಎಜೆಯುಡುವಿನ ಎಚ್ಚರಿಕೆ (7), ಗೆಳೆಯರ ಮಾತು (8) | ಒಬಿಯೆರಿಕಾ, ಎಜೆಯುಡು | ಉ2, ಉ5 |
| ತಾಯಿ, ತವರು, ಭೂದೇವಿ | ಗಡಿಪಾರು (13–14) | ಉಚೆಂಡು, ಎಜಿನ್ಮಾ | ಉ7 |
| ವಸಾಹತು ಆಡಳಿತ | ಅಬಾಮೆ ಊರಿನ ನಾಶ (15), ಕೋರ್ಟು (20), ದಂಡ (23) | ಕಮಿಷನರ್, ಜವಾನರು | ಉ8, ಉ9 |
| ಕಥೆ ಹೇಳುವ ಅಧಿಕಾರ ಯಾರದು | ಕೊನೆಯ ಪುಟ (25) | ಕಮಿಷನರ್ | ಉ10 |

ಎರಡನೇ ಸಾಲು ನನ್ನ ಪ್ರಕಾರ ಇಡೀ ಪುಸ್ತಕದ ಕೀಲಿ. ಚರ್ಚಿಗೆ ಮೊದಲು ಹೋದವರು ಯಾರು? ಬಿರುದು ಪಡೆದ ಗೌಡರಲ್ಲ. ನಾಲ್ಕು ಬಾರಿ ಅವಳಿ ಹೆತ್ತು ನಾಲ್ಕೂ ಬಾರಿ ಕೂಸುಗಳನ್ನು ಕಳೆದುಕೊಂಡ ಗರ್ಭಿಣಿ ನೆಕಾ. ದೇವರಿಗೆ ಮುಡಿಪಾಗಿ, ಕೂದಲು ಕತ್ತರಿಸುವ ಹಕ್ಕೂ ಇಲ್ಲದೆ ಊರಿನಲ್ಲೇ ಬೇರೆ ಜಾಗದಲ್ಲಿ ಬದುಕಿದ ಓಸುಗಳು. ಪ್ರಶ್ನೆ ಕೇಳಿಕೊಂಡೇ ಬೆಳೆದ ನ್ವೋಯೆ. ಊರು ಯಾರನ್ನು ಹೊರಗೆ ಇಟ್ಟಿತ್ತೋ ಅವರೇ ಹೊಸ ಬಾಗಿಲಿಗೆ ಹೋದರು. 12ನೇ ಶತಮಾನದ ನಮ್ಮ ಶರಣರ ಕೇರಿಯಲ್ಲಿ ಸೇರಿದವರು ಯಾರು ಎಂದು ಓದಿಕೊಂಡು ಬಂದ ನಮಗೆ ಇದು ಕಷ್ಟವಾಗಬಾರದು. ಆದರೆ ಆ ಹೋಲಿಕೆಯನ್ನು ಉತ್ತರಪತ್ರಿಕೆಯಲ್ಲಿ ಒಂದೇ ವಾಕ್ಯಕ್ಕೆ ನಿಲ್ಲಿಸಿ. ಕಾದಂಬರಿಯಲ್ಲಿ ಬಂದದ್ದು ಊರಿನ ಒಳಗಿನಿಂದ ಎದ್ದ ಚಳವಳಿಯಲ್ಲ. ಅದರ ಬೆನ್ನಿಗೇ ಕೋರ್ಟು, ಜೈಲು ಬಂದವು.

ವಸಾಹತಿನ ಸಾಲಿಗೆ ಒಂದು ವಿವರ: ಕಮಿಷನರ್ ಹಾಕಿದ ದಂಡ 200 ಚೀಲ ಕವಡೆ. ಜವಾನರು ಊರಿಗೆ ಹೇಳಿದ್ದು 250. ನಡುವಿನ ಐವತ್ತು ಅವರಿಗೇ. ಆಡಳಿತ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಇಷ್ಟು ಸಾಕು.

ಕೋಷ್ಟಕ 3: ಉಕ್ತಿಗಳು

| ಸಂಖ್ಯೆ | ಉಕ್ತಿಯ ಅರ್ಥ | ಯಾರು, ಅಧ್ಯಾಯ | ಏನಕ್ಕೆ ಬಳಸಬೇಕು |
|---|---|---|---|
| ಉ1 | ಅವನ ಇಡೀ ಬದುಕನ್ನು ಆಳಿದ್ದು ಅಂಜಿಕೆ: ಸೋಲಿನ, ದೌರ್ಬಲ್ಯದ ಅಂಜಿಕೆ. | ನಿರೂಪಕ, 2 | ಒಕೊಂಕ್ವೊ ಕುರಿತ ಯಾವ ಉತ್ತರಕ್ಕೂ ಇದೇ ಆರಂಭ |
| ಉ2 | ಆ ಹುಡುಗ ನಿನ್ನನ್ನು ಅಪ್ಪ ಅನ್ನುತ್ತಾನೆ. ಅವನ ಸಾವಿನಲ್ಲಿ ನೀನು ಕೈ ಹಾಕಬೇಡ. | ಎಜೆಯುಡು, 7 | ಸಂಪ್ರದಾಯದ ಒಳಗೇ ಬೇರೆ ದಾರಿ ಇತ್ತು ಎನ್ನಲು |
| ಉ3 | "ಅಪ್ಪಾ, ನನ್ನನ್ನು ಕೊಂದುಬಿಟ್ಟರು!" ... ದುರ್ಬಲ ಅಂದಾರೆಂದು ಒಕೊಂಕ್ವೊ ಅಂಜಿದ. | ಇಕೆಮೆಫುನಾ, ನಿರೂಪಕ, 7 | ಉ1ರ ಜೊತೆಗೇ ಬರೆಯಿರಿ |
| ಉ4 | ಕಾಡಿನಲ್ಲಿ ಅಳುವ ಅವಳಿ ಕೂಸುಗಳ ಪ್ರಶ್ನೆ, ಕೊಲೆಯಾದ ಇಕೆಮೆಫುನಾನ ಪ್ರಶ್ನೆ. | ನಿರೂಪಕ, 16 | ನ್ವೋಯೆಯ ಮತಾಂತರ |
| ಉ5 | ನನ್ನ ಮಗನನ್ನು ಕೊಲ್ಲಬೇಕೆಂದು ದೇವವಾಣಿ ಹೇಳಿದರೆ ನಾನು ಅದನ್ನು ವಿರೋಧಿಸಲೂ ಮಾಡೆ, ಕೊಲ್ಲುವವನೂ ಆಗೆ. | ಒಬಿಯೆರಿಕಾ, 8 | ಅವನ ವಿವೇಕ, ಅವನ ಮಿತಿ, ಎರಡಕ್ಕೂ |
| ಉ6 | ಉರಿಯುವ ಬೆಂಕಿ ಹೆರುವುದು ತಣ್ಣನೆಯ, ಸತ್ವವಿಲ್ಲದ ಬೂದಿಯನ್ನು. | ಒಕೊಂಕ್ವೊ, 17 | ತಂದೆ–ಮಗ ಸಂಬಂಧ |
| ಉ7 | ತಾಯಿಯೇ ಎಲ್ಲಕ್ಕಿಂತ ದೊಡ್ಡವಳು. | ಉಚೆಂಡು, 14 | ತಂದೆ ಹೊಡೆದಾಗ ಮಗು ತಾಯಿಯ ಗುಡಿಸಲಿಗೆ ಹೋಗುತ್ತದೆ ಎಂಬ ಮುಂದಿನ ವಾದದೊಡನೆ |
| ಉ8 | ನಮ್ಮ ಭಾಷೆಯನ್ನೇ ಆಡದವನಿಗೆ ನಮ್ಮ ಪದ್ಧತಿ ಹೇಗೆ ತಿಳಿದೀತು? | ಒಬಿಯೆರಿಕಾ, 20 | ಕೋರ್ಟು |
| ಉ9 | ನಮ್ಮನ್ನು ಒಟ್ಟಿಗೆ ಹಿಡಿದಿಟ್ಟವುಗಳ ಮೇಲೆ ಅವನು ಚೂರಿ ಇಟ್ಟ. ನಾವು ಚದುರಿ ಹೋದೆವು. | ಒಬಿಯೆರಿಕಾ, 20 | ಶೀರ್ಷಿಕೆ |
| ಉ10 | ಇಡೀ ಅಧ್ಯಾಯ ಬೇಡವಾದರೂ ಒಂದು ಪ್ಯಾರಾ ಬರೆಯಬಹುದು. | ಕಮಿಷನರ್, 25 | ಮುಕ್ತಾಯ |

ಸಮಯ ಕಡಿಮೆ ಇದ್ದವರು ಉ1, ಉ3, ಉ5, ಉ9 ಬಾಯಿಪಾಠ ಮಾಡಿ. ಉ9 ಎಲ್ಲರೂ ಬರೆಯುವ ಸಾಲು, ಆದರೆ ಅದಕ್ಕೆ ಮುಂಚಿನ ವಾಕ್ಯವನ್ನು ಹೆಚ್ಚಿನವರು ಬಿಡುತ್ತಾರೆ: ಬಿಳಿಯ ಈಗ ನಮ್ಮ ಅಣ್ಣತಮ್ಮಂದಿರನ್ನೇ ಗೆದ್ದುಕೊಂಡಿದ್ದಾನೆ, ಕುಲ ಒಂದಾಗಿ ನಡೆಯಲಾರದು ಎನ್ನುತ್ತಾನೆ ಒಬಿಯೆರಿಕಾ. ಚೂರಿ ಹೊರಗಿನದು, ಅವನ ಕಡೆ ಹೋದವರು ಒಳಗಿನವರು. ಎರಡೂ ವಾಕ್ಯ ಸೇರಿಸಿದರೆ ಮೇಡಂ ಅವರ ಇಡೀ ವಾದ ಅಲ್ಲೇ ಇದೆ.

ಬರಬಹುದಾದ ಪ್ರಶ್ನೆಗಳಿಗೆ ಜೋಡಣೆ

*ಒಕೊಂಕ್ವೊ ದುರಂತ ನಾಯಕನೇ?* ಉ1 → 8 ಮತ್ತು 11ನೇ ಅಧ್ಯಾಯದ ಪ್ರಸಂಗ → ಉ3 → ಜವಾನನ ಕೊಲೆ → ಉನೋಕಾ ಜೊತೆ ಹೋಲಿಕೆ. ಗಡಿಪಾರಿಗೆ ಕಾರಣವಾದದ್ದು (13) ಬೇಕಂತ ಮಾಡಿದ ತಪ್ಪಲ್ಲ, ಬಂದೂಕು ಸಿಡಿದದ್ದು ಎಂಬುದನ್ನು ಮರೆಯಬೇಡಿ. ಸ್ವಭಾವ ಮತ್ತು ವಿಧಿ ಎರಡನ್ನೂ ಚರ್ಚಿಸಲು ಅದು ಬೇಕು.

*ಶೀರ್ಷಿಕೆಯ ಔಚಿತ್ಯ.* ಯೇಟ್ಸ್ → ಬಿರುಕುಗಳು (ಕೋಷ್ಟಕ 2ರ ಮೊದಲ ಮೂರು ಸಾಲು) → ಉ9.

*ಸ್ತ್ರೀ ಪಾತ್ರಗಳು.* ಎಕ್ವೆಫಿ, ಎಜಿನ್ಮಾ, ಅರ್ಚಕಿ ಚಿಯೆಲೊ, ಉ7. ಇಲ್ಲಿ ಒಂದು ವಿರೋಧ ತೋರಿಸಿ: ಭೂದೇವಿ ಹೆಣ್ಣು, ದೇವವಾಣಿ ನುಡಿಯುವವಳು ಹೆಣ್ಣು, ಚಿಯೆಲೊ ಕೂಗಿದರೆ ಒಕೊಂಕ್ವೊನೂ ಬಾಗಿಲು ಬಿಡಬೇಕು; ಆದರೂ ಮನೆಯಲ್ಲಿ ಹೆಣ್ಣಿಗೆ ಪೆಟ್ಟು ತಪ್ಪುವುದಿಲ್ಲ.

*ಕೊನೆಯ ಪ್ಯಾರಾದ ಮಹತ್ವ.* ಉ10. ಕಮಿಷನರ್ ಬರೆಯಲಿರುವ ಪುಸ್ತಕದಲ್ಲಿ ಒಕೊಂಕ್ವೊಗೆ ಒಂದು ಪ್ಯಾರಾ; ಅಚೆಬೆ ಕೊಟ್ಟದ್ದು 25 ಅಧ್ಯಾಯ. ಈ ಒಂದು ವಾಕ್ಯದಿಂದಲೇ ಉತ್ತರ ಶುರು ಮಾಡಿ, ಆಮೇಲೆ ಕೋಷ್ಟಕ 2ರ ಕೊನೆಯ ಎರಡು ಸಾಲಿಗೆ ಬನ್ನಿ.